ಡೊಂಬಿವಲಿಯ ಮೇ ತಿಂಗಳು ಮತ್ತು ಕರಗದ ಸಪೊಸಿಟರಿ: ನನ್ನ ಅನುಭವ

ಡೊಂಬಿವಲಿ, ಕಲ್ಯಾಣ, ಠಾಣೆಗಳ ನಡುವೆ ಮನೆಭೇಟಿಯ ನರ್ಸ್ ಆಗಿ ದುಡಿಯುವವಳು ನಾನು. ಊರು ಕಾರ್ಕಳದ ಕಡೆ. ಜ್ವರ ಇಳಿಸಲು ಮಕ್ಕಳ ಗುದದಲ್ಲಿ ಇಡುವ ಪ್ಯಾರಸಿಟಮಾಲ್ ಗುಳಿಗೆಯನ್ನು, ಅಂದರೆ ಸಪೊಸಿಟರಿಯನ್ನು, ಬೇಸಿಗೆಯಲ್ಲಿ ಲೋಕಲ್ ರೈಲಿನ ಜನಜಂಗುಳಿಯೊಳಗೆ ಒಯ್ಯುವುದು ಆಗದ ಮಾತು ಎಂದು ನಮ್ಮ ಬೀದಿಯ ಔಷಧ ಅಂಗಡಿಯವರು ತೀರ್ಪು ಕೊಟ್ಟುಬಿಟ್ಟಿದ್ದರು. ಜೊತೆಯ ಸಿಸ್ಟರ್‌ಗಳೂ ನಕ್ಕಿದ್ದರು. ಈಗ ಎರಡು ಬೇಸಿಗೆ ಕಳೆದಿವೆ, ಚೀಲದಲ್ಲಿ ಕರಗಿ ಎಸೆದದ್ದು ಬೆರಳೆಣಿಕೆಯಷ್ಟೂ ಇಲ್ಲ. ನಕ್ಕವರಲ್ಲಿ ಇಬ್ಬರು ನನ್ನ ಪದ್ಧತಿಯನ್ನೇ ಹಿಡಿದಿದ್ದಾರೆ. ಬರೆದಿಡೋಣ ಅನ್ನಿಸಿತು.

ಮೊದಲು ಹಣದ ಲೆಕ್ಕ. ಐದು ಸಪೊಸಿಟರಿಗಳ ಪಟ್ಟಿಗೆ ನಾನು ಕೊಡುವುದು ಸುಮಾರು ಐವತ್ತು ಅರವತ್ತು ರೂಪಾಯಿ. ಒಂದು ಹಾಳಾದರೆ ಹತ್ತು ಹನ್ನೆರಡು ರೂಪಾಯಿ ಅಷ್ಟೇ ಅನ್ನಿಸಬಹುದು. ಆದರೆ 80, 170, 250 ಮಿಲಿಗ್ರಾಂ ಮೂರನ್ನೂ ಚೀಲದಲ್ಲಿ ಇಡಬೇಕು. ಒಂದು ಮಧ್ಯಾಹ್ನದ ಬಿಸಿಲಿಗೆ ಮೂರೂ ಪಟ್ಟಿ ಒಟ್ಟಿಗೆ ಹೋಗುತ್ತವೆ. ಈ ಪದ್ಧತಿ ಕಂಡುಕೊಳ್ಳುವ ಮುಂಚಿನ ವರ್ಷ ಮಾರ್ಚ್‌ನಿಂದ ಜೂನ್‌ವರೆಗೆ ಸಾವಿರದ ಮೇಲೆ ಕಸದ ಬುಟ್ಟಿಗೆ ಹೋಗಿರಬೇಕು. ರಾತ್ರಿ ಹನ್ನೊಂದಕ್ಕೆ ವಾಂತಿ ಮಾಡುತ್ತಿರುವ ಮಗುವಿನ ಮನೆಯಲ್ಲಿ ಹೊದಿಕೆ ಬಿಚ್ಚಿದರೆ ಬೆರಳಿಗೆ ಜಿಡ್ಡು ಮಾತ್ರ ಅಂಟುವುದಿದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು.

ಕೊಬ್ಬಿನಲ್ಲಿ ಔಷಧ ಬೆರೆಸಿದ ಇಂಥ ಸಪೊಸಿಟರಿಯನ್ನು ಮೈಯ ಶಾಖಕ್ಕೆ ಕರಗಲೆಂದೇ ಮಾಡಿರುತ್ತಾರೆ. 30 ಡಿಗ್ರಿಯ ಆಚೀಚೆ ಮೆದುವಾಗತೊಡಗಿ, 33ರಿಂದ 36ರೊಳಗೆ ಪೂರ್ತಿ ದ್ರವವಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯ ಕಪಾಟೇ ಅಷ್ಟು ಬಿಸಿ ಇರುತ್ತದೆ. ಕರಗಿದ್ದು ಮತ್ತೆ ಗಟ್ಟಿಯಾದರೆ ಆಯಿತಲ್ಲ ಎಂದು ಹಲವರು ಕೇಳುತ್ತಾರೆ. ಪ್ಯಾರಸಿಟಮಾಲ್ ಕೊಬ್ಬಿನಲ್ಲಿ ಕರಗಿರುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ. ಕರಗಿದಾಗ ಪುಡಿ ಕೆಳಗಿಳಿದು ಒಂದು ಕಡೆ ಕೂರುತ್ತದೆ, ಕೊಬ್ಬೂ ಮೊದಲಿನ ಹದಕ್ಕೆ ಬರುತ್ತದೆ ಎನ್ನುವ ಭರವಸೆ ಇಲ್ಲ. ಹಾಗಾಗಿ ಪೂರ್ತಿ ಕರಗಿದ್ದನ್ನು ನಾನು ಎಸೆಯುತ್ತೇನೆ. ಅರ್ಧ ಕತ್ತರಿಸಿ ಕೊಡುವ ಅಭ್ಯಾಸಕ್ಕೂ ನಾನು ವಿರೋಧಿ. ಯಾವ ಅರ್ಧದಲ್ಲಿ ಎಷ್ಟು ಔಷಧ ಉಳಿದಿದೆ ಎಂದು ಯಾರು ಬಲ್ಲರು?

ಕೈಕೊಟ್ಟ ಉಪಾಯಗಳು ಹಲವು. ಐಸ್ ತುಂಡುಗಳ ಜೊತೆ ಇಟ್ಟರೆ ಬಿರುಕು ಬಿಟ್ಟವು, ಪಟ್ಟಿಯ ಮೇಲೆಲ್ಲ ನೀರು. ಜೆಲ್ ಪ್ಯಾಕ್ ಮಧ್ಯಾಹ್ನದವರೆಗೆ ಚೆನ್ನಾಗಿತ್ತು, ಆಮೇಲೆ ಅದೇ ಬೆಚ್ಚಗಾಯಿತು. ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಒಳಗಿಡುವುದು ನನ್ನ ಅತ್ತೆಯವರ ಸಲಹೆ. ಡೊಂಬಿವಲಿಯಲ್ಲಿ ಅದು ನಡೆಯಲಿಲ್ಲ, ಮಡಕೆಯೊಳಗೆ 29ರಿಂದ ಕೆಳಗೆ ಇಳಿಯಲೇ ಇಲ್ಲ. ಅದೇ ಮಡಕೆಯನ್ನು ಏಪ್ರಿಲ್‌ನಲ್ಲಿ ಪುಣೆಯ ಅಕ್ಕನ ಮನೆಗೆ ಒಯ್ದು ನೋಡಿದೆ. ಹೊರಗೆ 38, ಒಳಗೆ 24ರ ಹತ್ತಿರ! ಪುಣೆಯ ಒಣ ಗಾಳಿಯಲ್ಲಿ ನೀರು ಬೇಗ ಆರುತ್ತದೆ, ನಮ್ಮ ಕಡಲತೀರದ ಬೆವರು ಹವೆಯಲ್ಲಿ ಆರುವುದಿಲ್ಲ. ಪುಣೆಯವರು ಕರೆಂಟ್ ಹೋದ ದಿನ ಮಡಕೆಯನ್ನು ನಂಬಬಹುದು. ಮುಂಬಯಿ, ಗೋವಾದವರು ಅದರಲ್ಲಿ ಕುಡಿಯುವ ನೀರು ಇಟ್ಟುಕೊಳ್ಳಲಿ.

ಕೊನೆಗೆ ನೆಲೆನಿಂತದ್ದು ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್, ಏಳೆಂಟು ನೂರು ರೂಪಾಯಿಯದು. ರಾತ್ರಿಯೇ ಅದರಲ್ಲಿ ತಣ್ಣೀರು ತುಂಬಿ ಫ್ಲಾಸ್ಕನ್ನೂ ತಂಪಾಗಿಸುತ್ತೇನೆ. ಬೆಳಿಗ್ಗೆ ಆ ನೀರು ಚೆಲ್ಲಿ ಫ್ರಿಜ್ಜಿನ ನೀರು ಅರ್ಧ ತುಂಬಿಸಿ, ಬಿಗಿ ಮುಚ್ಚಳದ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪಟ್ಟಿಗಳನ್ನಿಟ್ಟು ಮುಳುಗಿಸುತ್ತೇನೆ. ಐಸ್ ಬೇಡ. ಗಾಳಿ ತುಂಬಿದ ಡಬ್ಬಿ ತೇಲುತ್ತದಲ್ಲ, ಅದನ್ನು ಕೆಳಗೆ ಹಿಡಿದಿಡಲು ನನ್ನದೊಂದು ಏರ್ಪಾಡಿದೆ. ಅದನ್ನು ಹೇಳುವುದಿಲ್ಲ, ನೀವೂ ಸ್ವಲ್ಪ ತಲೆ ಕೆರೆದುಕೊಳ್ಳಿ. ಸಂಜೆ ಏಳರವರೆಗೂ ಒಳಗೆ 20ರ ಸುತ್ತಮುತ್ತ ಇರುತ್ತದೆ.

ಎಲ್ಲರೂ ನಕ್ಕದ್ದು ಮುಂದಿನ ಉಪಾಯಕ್ಕೆ. ಡಬ್ಬಿಯೊಳಗೆ ಬೆರಳುದ್ದದ ಗಾಜಿನ ಶೀಶೆಯಲ್ಲಿ ಕೊಬ್ಬರಿ ಎಣ್ಣೆ ಇಡುತ್ತೇನೆ. ಎಣ್ಣೆ ಗಾಣದ್ದಾಗಬೇಕು, ಬೇರೆ ಎಣ್ಣೆ ಬೆರೆಸಿದ ತಲೆ ಎಣ್ಣೆ ಬೇಡ. ಫ್ರಿಜ್ಜಿನಲ್ಲಿ ಅದು ಬೆಳ್ಳಗೆ ಹೆಪ್ಪುಗಟ್ಟಿದ ಮೇಲೆ ಮೇಲೊಂದು ಗಾಜಿನ ಮಣಿ ಇಡುತ್ತೇನೆ. ಕೊಬ್ಬರಿ ಎಣ್ಣೆ ಕರಗುವುದು 24–25 ಡಿಗ್ರಿಗೆ, ಸಪೊಸಿಟರಿಯ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬರೆದಿರುವುದೂ 25ರ ಕೆಳಗಿಡಿ ಎಂದೇ. ಮಣಿ ಮೇಲಿದ್ದರೆ ದಿನವಿಡೀ ಗಡಿ ದಾಟಿಲ್ಲ. ತಳಕ್ಕಿಳಿದಿದ್ದರೆ ಎಲ್ಲೋ ದಾಟಿದೆ, ಆಮೇಲೆ ತಂಪಾಗಿ ಎಣ್ಣೆ ಮತ್ತೆ ಹೆಪ್ಪುಗಟ್ಟಿದ್ದರೂ ಮಣಿ ಮೇಲೆ ಬರುವುದಿಲ್ಲ. ಮೀನಿನ ತೊಟ್ಟಿಗೆ ಹಾಕುವ ನೂರೈವತ್ತು ರೂಪಾಯಿಯ ಥರ್ಮಾಮೀಟರ್ ಇಟ್ಟು ಇದನ್ನು ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಮಣಿ ಮುಳುಗಿತು ಎಂದ ಮಾತ್ರಕ್ಕೆ ಸಪೊಸಿಟರಿ ಕರಗಿತು ಎಂದಲ್ಲ, ಆಗ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಬೇಕು ಎಂದರ್ಥ.

ನೋಡುವುದು ಸುಲಭವಾಗಲೆಂದೇ ನಾನು ಪಟ್ಟಿಯನ್ನು ಮಲಗಿಸಿ ಇಡುತ್ತೇನೆ. ಚೂಪು ಕೆಳಗೆ ಮಾಡಿ ನಿಲ್ಲಿಸಿದರೆ ಆಕಾರ ಉಳಿಯುತ್ತದೆ ಎಂದು ಹೇಳುವುದು ವಾಡಿಕೆ. ಅದೇ ತೊಂದರೆ, ಕರಗಿ ಮತ್ತೆ ಗಟ್ಟಿಯಾದದ್ದೂ ಹೊಸದರಂತೆ ಕಾಣುತ್ತದೆ. ಮಲಗಿಸಿದ್ದು ಕರಗಿದರೆ ಅಗಲ ತುದಿ ಇಳಿಜಾರಾಗಿ ಹೆಪ್ಪುಗಟ್ಟುತ್ತದೆ, ಹೊದಿಕೆಯ ಒಳಗೆ ಎಣ್ಣೆಯ ಪದರ ಹಿಡಿದಿರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಇದನ್ನೇ ನೋಡಿ, ಅಗಲ ತುದಿಯಲ್ಲಿ ಗುಳಿ ಬಿದ್ದಿದ್ದರೆ ಬೇರೆ ಪಟ್ಟಿ ಕೇಳಿ. ಬರೀ ಮೆದುವಾಗಿ ಆಕಾರ ಕೆಡದಿದ್ದರೆ ಹೊದಿಕೆಯ ಸಮೇತ ತಣ್ಣೀರಿನಲ್ಲಿ ಕೆಲವು ನಿಮಿಷ ಇಟ್ಟು ಬಳಸಬಹುದು.

ಕಳೆದ ಮೇ ತಿಂಗಳ ಒಂದು ಭೇಟಿ ಹೇಳುತ್ತೇನೆ. ಕಲ್ಯಾಣದ ಕನ್ನಡದವರ ಮನೆ, ಒಂದೂವರೆ ವರ್ಷದ ಹುಡುಗ, ತೂಕ 11 ಕಿಲೋ, ಜ್ವರ 103ರ ಮೇಲೆ. ಸಿರಪ್ ಕುಡಿಸಿ ಎಷ್ಟು ಹೊತ್ತಿಗೆ ವಾಂತಿಯಾಯಿತು ಎಂಬುದು ನನ್ನ ಮೊದಲ ಪ್ರಶ್ನೆ. ಅರ್ಧ ಗಂಟೆ ದಾಟಿದ್ದರೆ ಔಷಧ ಒಳಗಿಳಿದಿದೆ ಎಂದೇ ಎಣಿಸಿ ಆರು ಗಂಟೆ ಕಾಯಿಸುತ್ತೇನೆ. ಇಲ್ಲಿ ಕುಡಿಸಿದ ಐದು ನಿಮಿಷದಲ್ಲೇ ಎಲ್ಲವೂ ಹೊರಗೆ, ಎರಡು ಸಲವೂ ಹಾಗೆಯೇ. ವೈದ್ಯರಿಗೆ ಫೋನ್ ಮಾಡಿದೆ. ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 165 ಬರುತ್ತದೆ, 170ರದ್ದನ್ನು ಇಡಿ ಎಂದರು. ಭೇದಿ ಇಲ್ಲ, ಗುದದಲ್ಲಿ ಸೀಳಿಲ್ಲ, ರಕ್ತವಿಲ್ಲ ಎಂದು ಖಚಿತಪಡಿಸಿಕೊಂಡೆ. ಭೇದಿ ಇದ್ದರೆ ಇಟ್ಟದ್ದು ನಿಲ್ಲುವುದಿಲ್ಲ. ಮಳೆಗಾಲದಲ್ಲಾದರೆ ಡೆಂಗಿಯ ಸಂಶಯವನ್ನೂ ಕೇಳಿ ತಿಳಿಯಬೇಕು, ಪ್ಲೇಟ್‌ಲೆಟ್ ಇಳಿದ ಮಗುವಿಗೆ ಗುದದಲ್ಲಿ ಏನನ್ನೂ ಇಡಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಚೀಲ ಬಿಚ್ಚುವ ಮಾತೇ ಇಲ್ಲ, ನೇರ ಆಸ್ಪತ್ರೆ.

ಮಗುವನ್ನು ಡಯಾಪರ್ ಬದಲಿಸುವಂತೆ ಅಂಗಾತ ಮಲಗಿಸಿ, ತಾಯಿಯಿಂದ ಎರಡೂ ಕಾಲು ಹೊಟ್ಟೆಯ ಕಡೆ ಹಿಡಿಸಿದೆ. ಸ್ವಲ್ಪ ದೊಡ್ಡ ಮಗುವಾದರೆ ಎಡ ಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಚಿಸುತ್ತೇನೆ. ಕೈಗವಸು ತೊಟ್ಟು, ಎಲ್ಲ ಸಿದ್ಧವಾದ ಮೇಲೆಯೇ ಹೊದಿಕೆ ಬಿಡಿಸುವುದು. ಬೆರಳ ಬಿಸಿಗೆ ಕ್ಷಣಮಾತ್ರದಲ್ಲಿ ಅದು ಜಾರತೊಡಗುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಇಡುವುದೂ ಸರಿಯಲ್ಲ, ಆ ಚಳಿಗೆ ಮಗು ಮುಕ್ಕಿ ಹೊರಗೆ ತಳ್ಳುತ್ತದೆ. ಹೊದಿಕೆಯಲ್ಲೇ ಒಂದು ನಿಮಿಷ ಹೊರಗಿಟ್ಟರೆ ಸಾಕು. ಜಾರಿಸಲು ತುದಿಗೆ ನೀರು ಅಥವಾ ನೀರಿನಿಂದ ಮಾಡಿದ ಜೆಲ್ಲಿ ಹಚ್ಚಿದರೆ ಸಾಕು. ಅಜ್ಜಿ ಕೊಬ್ಬರಿ ಎಣ್ಣೆ ತಂದು ನಿಂತಿದ್ದರು, ಬೇಡವೆಂದೆ. ನನ್ನ ಎಣ್ಣೆಗೆ ಶೀಶೆಯೊಳಗೇ ಕೆಲಸ.

ಕಿರುಬೆರಳಿನಿಂದ ಹೊಕ್ಕುಳಿನ ದಿಕ್ಕಿಗೆ, ಸುಮಾರು ಎರಡು ಸೆಂಟಿಮೀಟರ್ ಒಳಗೆ. ಗುದದ ಬಾಯಿಯ ಸ್ನಾಯುವಿನ ಬಿಗಿ ದಾಟಿದ ಮೇಲೆ ಬೆರಳಿಗೆ ಅಡ್ಡಿ ತಪ್ಪಿದಂತಾಗುತ್ತದೆ. ಅಲ್ಲಿಂದ ಪಕ್ಕದ ಗೋಡೆಗೆ ತಾಗುವಂತೆ ಸರಿಸಬೇಕು. ಮಲದ ಗಟ್ಟಿಯೊಳಗೆ ಚುಚ್ಚಿಕೊಂಡರೆ ಔಷಧ ಅಲ್ಲೇ ಉಳಿಯುತ್ತದೆ. ಬಿಗಿಯ ಈಚೆಗೇ ಬಿಟ್ಟರೆ ಅರೆಗಳಿಗೆಯಲ್ಲಿ ಹೊರಗೆ. ಆಮೇಲೆ ಎರಡೂ ಪೃಷ್ಠಗಳನ್ನು ಒತ್ತಿ ಹಿಡಿದು ಐದು ನಿಮಿಷ. ಆ ಐದು ನಿಮಿಷ ಮಗು ಅಳದಂತೆ ನಾನು ಮಾಡುವ ಒಂದು ಕೆಲಸವಿದೆ, ಅದು ನನ್ನ ಹೊಟ್ಟೆಪಾಡಿನ ಗುಟ್ಟು.

ಯಾವ ತುದಿ ಮೊದಲು ಎಂಬ ಜಗಳ ಹಳೆಯದು. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈಜಿಪ್ಟಿನ ವೈದ್ಯರು ಅಗಲ ತುದಿ ಮೊದಲು ಇಟ್ಟರೆ ಬಿಗಿಯೇ ಅದನ್ನು ಒಳಗೆಳೆದುಕೊಳ್ಳುತ್ತದೆ ಎಂದು ಬರೆದರು. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಪುಟ್ಟ ಮಕ್ಕಳಲ್ಲಿ ಚೂಪು ತುದಿಯೇ ಸಲೀಸು, ಆಳ ಸರಿಯಿದ್ದರೆ ಹೊರಗೆ ಬರುವುದರಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ಪೊಟ್ಟಣದ ಚೀಟಿಯಲ್ಲಿ ಹೇಳಿದಂತೆ ಮಾಡಿ.

ಒಂದು ಗಂಟೆ ಕಳೆದರೂ ಜ್ವರ ಹೆಚ್ಚೇನೂ ಇಳಿದಿರಲಿಲ್ಲ. "ಇನ್ನೊಂದು ಇಡಿ ಸಿಸ್ಟರ್, ಮಗು ಕಾದ ಹೆಂಚಾಗಿದೆ" ಎಂದರು ಅಜ್ಜಿ. ಇಡಲಿಲ್ಲ. ಈ ದಾರಿಯಲ್ಲಿ ಔಷಧ ನಿಧಾನವಾಗಿ ಏರುತ್ತದೆ, ಎರಡು ಮೂರು ಗಂಟೆ ಹಿಡಿಯುತ್ತದೆ. ಅವಸರಕ್ಕೆ ಇನ್ನೊಂದು ಇಟ್ಟರೆ ಎರಡೂ ಒಟ್ಟಿಗೆ ಏರಿ ಪ್ರಮಾಣ ಮೀರುತ್ತದೆ, ಹಾಗೆ ಮೀರುತ್ತಾ ಹೋದರೆ ಯಕೃತ್ತಿಗೆ ಪೆಟ್ಟಾಗಬಹುದು. ಎರಡು ಗಂಟೆಗೆ 101ರ ಹತ್ತಿರ ಬಂತು, ಮಗು ಚಮಚದಲ್ಲಿ ಓಆರ್‌ಎಸ್ ಕುಡಿಯತೊಡಗಿತು. ಗೋಡೆಯ ಕ್ಯಾಲೆಂಡರಿನ ಮೇಲೆ ಹೊತ್ತು ಬರೆಸಿದೆ. ಸಿರಪ್ ಮತ್ತು ಸಪೊಸಿಟರಿ ಸೇರಿ ದಿನಕ್ಕೆ ನಾಲ್ಕು ಸಲ ಮೀರಬಾರದು, ನಡುವೆ ಆರು ಗಂಟೆ. ಇಟ್ಟ ಕೂಡಲೇ ಇಡಿಯಾಗಿ ಹೊರಬಿದ್ದರೆ ಮತ್ತೆ ಇಡಬಹುದು. ಅರ್ಧ ಕರಗಿ ಬಂದರೆ ಮುಂದಿನ ಹೊತ್ತಿನವರೆಗೆ ಕಾಯುವುದೇ ಸರಿ.

ಮಲಬದ್ಧತೆಯ ಗ್ಲಿಸರಿನ್ ಸಪೊಸಿಟರಿಗೆ ಇಷ್ಟೆಲ್ಲ ರಾಜೋಪಚಾರ ಬೇಡ. ಅದರ ಶತ್ರು ತೇವ. ಜುಲೈನಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಗಾಳಿಯ ನೀರು ಹೀರಿ ಅಂಟಂಟಾಗುತ್ತದೆ, ಹಾಗಾಗಿ ಬಿಗಿ ಡಬ್ಬಿಯಲ್ಲಿ ಒಣ ಜಾಗದಲ್ಲಿ ಇಡುತ್ತೇನೆ. ಇಡುವ ಮುಂಚೆ ನೀರಿನಲ್ಲಿ ಒಮ್ಮೆ ಅದ್ದಿದರೆ ಉರಿ ಕಡಿಮೆ, ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಊರಿನ ಕಡೆ ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯ ತೊಟ್ಟನ್ನು ಇಡುತ್ತಿದ್ದರು, ಇಲ್ಲಿಯೂ ಕೆಲವು ಮನೆಗಳಲ್ಲಿ ಇಡುತ್ತಾರೆ, ಸೋಪಿನ ಚೂರು ಇಡುವವರೂ ಇದ್ದಾರೆ. ತೊಟ್ಟು ಗೀರುತ್ತದೆ, ಸೋಪು ಒಳಗಿನ ಪದರವನ್ನು ಉರಿಸುತ್ತದೆ. ಅಂಥ ಮನೆಗಳಲ್ಲಿ ವಾದಕ್ಕಿಳಿಯದೆ, ವೈದ್ಯರ ಚೀಟಿ ಇದ್ದರೆ ಒಂದು ಗ್ರಾಂನ ಮಕ್ಕಳ ಗ್ಲಿಸರಿನ್ ಡಬ್ಬಿಯನ್ನು ಅಜ್ಜಿಯ ಕೈಗೇ ಕೊಟ್ಟು ಬರುತ್ತೇನೆ.