ಭಾರ ಎತ್ತುವ ದಿನ 4 ಸುತ್ತು, ಶನಿವಾರ 12: ಜಿಮ್ ವಾರದೊಳಗೆ ಸೂರ್ಯ ನಮಸ್ಕಾರ

ಮನೆಯಲ್ಲೇ 24 ಸೂರ್ಯ ನಮಸ್ಕಾರ ಹಾಕಿ ಜಿಮ್‌ಗೆ ಬರುವವರು ಹುಬ್ಬಳ್ಳಿ–ಧಾರವಾಡದಲ್ಲಿ ಕಡಿಮೆಯಿಲ್ಲ. ಅವರಲ್ಲಿ ಹಲವರದ್ದು ಒಂದೇ ದೂರು: ಬೆಂಚ್ ಪ್ರೆಸ್‌ನ ಎರಡನೇ ಸೆಟ್‌ಗೇ ತೋಳು ಸೋಲುತ್ತದೆ. ಕಾರಣ ಸರಳ. ಪ್ರತಿ ಸುತ್ತಿನಲ್ಲೂ ಮೈಭಾರವನ್ನು ಒಮ್ಮೆ ಕೈಗಳ ಮೇಲೆ ಇಳಿಸಿ, ಎದೆ ಎತ್ತಿ, ಮತ್ತೆ ಸೊಂಟ ಮೇಲಕ್ಕೆ ಒಯ್ಯುತ್ತೀರಿ. ಗರಡಿಯಲ್ಲಿ ದಂಡ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 24 ಸುತ್ತು ಎಂದರೆ ಎದೆ, ಭುಜ, ತೋಳಿನ ಹಿಂಭಾಗಕ್ಕೆ ಆಗಲೇ 24 ಸಲದ ಕೆಲಸ ಬಿದ್ದಿದೆ. ಭಾರಕ್ಕೆಂದು ಇಡಬೇಕಾದ ಕಸುವು ಚಾಪೆಯ ಮೇಲೇ ಖರ್ಚಾಗಿದೆ.

ಹಾಗಾಗಿ ಪ್ರಮಾಣ ಎರಡು ಇಟ್ಟುಕೊಳ್ಳಿ. ಭಾರ ಎತ್ತುವ ದಿನ ಮೈ ಕಾಯಿಸಲು ಬೇಕಾದಷ್ಟು ಮಾತ್ರ. ದಮ್ಮು ಬೆಳೆಸುವ ಸುತ್ತುಗಳಿಗೆ ಬೇರೆಯದೇ ದಿನ.

ಮೊದಲು ಲೆಕ್ಕ ಒಂದಾಗಲಿ. ಕೆಲವರು 12 ಸ್ಥಿತಿ ಮುಗಿದರೆ ಒಂದು ಸುತ್ತು ಎನ್ನುತ್ತಾರೆ, ಕೆಲವರು ಬಲಗಾಲು, ಎಡಗಾಲು ಎರಡೂ ಆದ ಮೇಲೆ ಒಂದು ಎನ್ನುತ್ತಾರೆ. ಇಲ್ಲಿ 12 ಸ್ಥಿತಿಗೆ ಒಂದು ಸುತ್ತು. ಒಂದು ಸುತ್ತಿಗೆ ಬಲಗಾಲು, ಮುಂದಿನದಕ್ಕೆ ಎಡಗಾಲು. ಆದ್ದರಿಂದ ಸಂಖ್ಯೆ ಯಾವಾಗಲೂ ಸರಿಸಂಖ್ಯೆಯೇ ಆಗಿರಬೇಕು.

ಒಂದು ಉದಾಹರಣೆ ಹಿಡಿಯೋಣ. 35ರ ಆಸುಪಾಸಿನವರು, ದಿನವಿಡೀ ಕುರ್ಚಿಯ ಕೆಲಸ. ಸೋಮವಾರ ಸ್ಕ್ವಾಟ್ ಮತ್ತು ಬೆಂಚ್ ಪ್ರೆಸ್, ಬುಧವಾರ ಡೆಡ್‌ಲಿಫ್ಟ್ ಮತ್ತು ತಲೆಯ ಮೇಲೆ ಎತ್ತುವ ಪ್ರೆಸ್, ಶುಕ್ರವಾರ ಹಗುರ ಸ್ಕ್ವಾಟ್ ಮತ್ತು ರೋಯಿಂಗ್. ಸ್ಕ್ವಾಟ್‌ನಲ್ಲಿ 60 ಕೆ.ಜಿ.ಯನ್ನು 5 ಸಲದಂತೆ 3 ಸೆಟ್ ಮಾಡುತ್ತಾರೆ. ಜಿಮ್‌ಗೆ ಹೋಗುವ ಹೊತ್ತು ಬೆಳಿಗ್ಗೆ ಆರೂವರೆ.

ಸೋಮವಾರದ ಕ್ರಮ

ಹಂತ 1: ನೆಲ ನೋಡಿಕೊಳ್ಳಿ. ನುಣುಪು ಶಹಾಬಾದ್ ಕಲ್ಲಿನ ಮೇಲೆ ಜಮಖಾನ ಹಾಸಿದರೆ ಕಾಲು ಹಿಂದೆ ಒಯ್ಯುವಾಗ ಜಮಖಾನವೇ ಜಾರುತ್ತದೆ. ರಬ್ಬರ್ ಚಾಪೆ ಇರಲಿ, ಇಲ್ಲದಿದ್ದರೆ ಒಣಗಿದ ಬರಿನೆಲವೇ ವಾಸಿ.

ಹಂತ 2: ಮೊದಲ 2 ಸುತ್ತು ನಿಧಾನ, ಸುತ್ತಿಗೆ ಸುಮಾರು ಒಂದು ನಿಮಿಷ. ಪಾದಹಸ್ತಾಸನದಲ್ಲಿ ಮೊಣಕಾಲು ಧಾರಾಳವಾಗಿ ಮಡಚಿ, ಹೊಟ್ಟೆ ತೊಡೆಗೆ ತಾಗಲಿ. ಇದು ಬಹಳ ಮಂದಿ ತಪ್ಪುವ ಜಾಗ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬೆನ್ನು ಪೂರ್ತಿ ಬಾಗಿಸಿದರೆ ಅವುಗಳ ಮೇಲೆ ಬೀಳುವ ಒತ್ತಡ ಉಳಿದ ಹೊತ್ತಿಗಿಂತ ಹೆಚ್ಚು. ಮೊಣಕಾಲು ಮಡಚಿದರೆ ಬಾಗುವ ಕೆಲಸ ಸೊಂಟದ ಕೀಲಿಗೆ ಹೋಗುತ್ತದೆ, ನಡುವಿಗೆ ಬಿಡುವು ಸಿಗುತ್ತದೆ. ಸಂಜೆ ಮಾಡುವವರಿಗೆ ಈ ತೊಂದರೆ ಇಲ್ಲ. ಅವರು ಗಿರ್ಮಿಟ್, ಮಿರ್ಚಿ ತಿಂದಿದ್ದರೆ ಒಂದೂವರೆ ತಾಸು ಬಿಟ್ಟು ಶುರು ಮಾಡಿದರೆ ಸಾಕು.

ಹಂತ 3: ಮುಂದಿನ 2 ಸುತ್ತು ಚುರುಕು, ಸುತ್ತಿಗೆ ಸುಮಾರು 40 ಸೆಕೆಂಡು. ಯಾವ ಸ್ಥಿತಿಯಲ್ಲೂ ಒಂದು ಉಸಿರಿಗಿಂತ ಹೆಚ್ಚು ನಿಲ್ಲಬೇಡಿ. ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಅದರ ಬೆನ್ನಿಗೇ ಎತ್ತುವ ಭಾರದಲ್ಲಿ ಕಸುವು ಸ್ವಲ್ಪ ತಗ್ಗುತ್ತದೆ. ಉದ್ದನೆಯ ಎಳೆತ ಬೇಕಿದ್ದರೆ ಭಾರ ಎತ್ತಿ ಮುಗಿದ ಮೇಲೆ ಮಾಡಿ.

ಹಂತ 4: ನಮಸ್ಕಾರ ಮುಟ್ಟದ ಜಾಗಗಳನ್ನು ತುಂಬಿ. ಇಡೀ 12 ಸ್ಥಿತಿಗಳಲ್ಲಿ ನಿಮ್ಮತ್ತ ಎಳೆದುಕೊಳ್ಳುವ ಚಲನೆ ಒಂದೂ ಇಲ್ಲ, ಎರಡೂ ಮೊಣಕಾಲು ಆಳಕ್ಕೆ ಮಡಚುವ ಬೈಠಕ್ ಕೂಡ ಇಲ್ಲ. 10 ಬೈಠಕ್ ಹೊಡೆಯಿರಿ. ಟವೆಲ್‌ನ ಎರಡು ತುದಿ ಬಿಗಿ ಹಿಡಿದು, ತಲೆಯ ಮೇಲಿಂದ ಎದೆಯತ್ತ 10 ಸಲ ಎಳೆಯಿರಿ.

ಹಂತ 5: ಈಗ ಬಾರ್. 20 ಕೆ.ಜಿ.ಯ ಬರಿ ಬಾರ್‌ನಲ್ಲಿ 8 ಸಲ, 40ರಲ್ಲಿ 5, 50ರಲ್ಲಿ 3, ಆಮೇಲೆ 60. ನಮಸ್ಕಾರ ಹಾಕಿದ್ದೇನೆಂದು ಈ ಮೆಟ್ಟಿಲುಗಳನ್ನು ಹಾರಬೇಡಿ. ಮೈ ಬಿಸಿಯಾಗುವುದೇ ಬೇರೆ, ಬೆನ್ನ ಮೇಲಿನ ಭಾರಕ್ಕೆ ಕಾಲು ಹೊಂದಿಕೊಳ್ಳುವುದೇ ಬೇರೆ.

ನಾಲ್ಕು ಸುತ್ತು ಸಾಕೆಂದು ತಿಳಿಯುವುದು ಹೇಗೆ? ಹಣೆಯಲ್ಲಿ ತೆಳುವಾಗಿ ಬೆವರು, ಉಸಿರು ಏರಿದ್ದರೂ ಒಂದು ಉದ್ದ ವಾಕ್ಯ ತಡೆಯಿಲ್ಲದೆ ಹೇಳುವಷ್ಟು ದಮ್ಮು. ಧಾರವಾಡದ ಮಳೆಗಾಲದ ತಂಪಿಗೆ 6 ಬೇಕಾಗಬಹುದು. ಏಪ್ರಿಲ್, ಮೇನಲ್ಲಿ 4 ದಾಟಬೇಡಿ. ಬುಧವಾರ, ಶುಕ್ರವಾರವೂ ಇದೇ ಕ್ರಮ.

ಎರಡು ಕಡೆ ಕಣ್ಣಿಡಿ

ಅಷ್ಟಾಂಗ ನಮಸ್ಕಾರದಿಂದ ಭುಜಂಗಾಸನಕ್ಕೆ ಏರುವಾಗ ಹೆಚ್ಚಿನವರು ಕೈ ನೆಟ್ಟಗೆ ಮಾಡಿ ಎದೆಯನ್ನು ಮೇಲೆ ನೂಕುತ್ತಾರೆ. ಎದೆಯ ಭಾಗದ ಬೆನ್ನು ಬಿಗಿಯಾಗಿದ್ದರೆ ಬಾಗುವುದೆಲ್ಲ ನಡುವಿನ ಒಂದೇ ಬಿಂದುವಿನಲ್ಲಿ ಆಗುತ್ತದೆ, ಅಲ್ಲಿ ಚುಚ್ಚಿದಂತಾಗುತ್ತದೆ. ಅಂಗೈಗಳು ಎದೆಯ ಪಕ್ಕ, ಮೊಣಕೈಗಳು ಪಕ್ಕೆಲುಬಿಗೆ ಒತ್ತಿ, ಸ್ವಲ್ಪ ಮಡಚಿಯೇ ಇರಲಿ. ಕಿಬ್ಬೊಟ್ಟೆ ನೆಲ ಬಿಡಬಾರದು. ಎದೆ ನಾಲ್ಕು ಬೆರಳು ಎದ್ದರೂ ಸರಿ.

ಇನ್ನೊಂದು ಅಶ್ವ ಸಂಚಲನಾಸನ. ಕುರ್ಚಿಯಲ್ಲಿ ಕೂತು ಸೊಂಟ ಬಿಗಿದವರಿಗೆ ಮುಂದಿನ ಪಾದ ಅಂಗೈಗಳ ನಡುವೆ ಬರುವುದಿಲ್ಲ. ಅರ್ಧಕ್ಕೇ ನಿಂತು ಹಿಮ್ಮಡಿ ಏಳುತ್ತದೆ, ಮೊಣಕಾಲು ಒಳಗೆ ವಾಲುತ್ತದೆ. ಅದೇ ವಾಲುವಿಕೆ ಸ್ಕ್ವಾಟ್‌ನಲ್ಲೂ ಮರಳಬಹುದು. ಹಿಂದಿನ ಮೊಣಕಾಲು ನೆಲಕ್ಕಿಟ್ಟು, ಮುಂದಿನ ಕಾಲಿನ ಹರಡು ಹಿಡಿದು ಮುಂದಕ್ಕೆ ತನ್ನಿ. ಹಿಮ್ಮಡಿ ನೆಲದಲ್ಲಿ, ಮೊಣಕಾಲು ಎರಡನೇ ಬೆರಳಿನ ನೇರಕ್ಕೆ. ಅಂಗೈ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ಇನ್ನೂ ಸಲೀಸು.

ಶನಿವಾರದ ದಮ್ಮು

4 ಸುತ್ತಿನ 3 ಕಂತು, ಸುತ್ತಿಗೆ 40 ಸೆಕೆಂಡು, ಕಂತುಗಳ ನಡುವೆ ಒಂದು ನಿಮಿಷ ನಡೆದಾಟ. ಒಟ್ಟು ಹತ್ತು ನಿಮಿಷ. ಎರಡು ನಾಲ್ಕು ಪದ ಆಡಿ ಉಸಿರು ತೆಗೆದುಕೊಳ್ಳುವಂತಿದ್ದರೆ ವೇಗ ಸರಿಯಿದೆ. ಮಾತೇ ಹೊರಡದಿದ್ದರೆ ಜಾಸ್ತಿಯಾಯಿತು. ಎರಡು ವಾರಕ್ಕೊಮ್ಮೆ 2 ಸುತ್ತು ಸೇರಿಸುತ್ತ 20ರವರೆಗೆ ಹೋಗಿ. ಅಲ್ಲಿಂದ ಸಂಖ್ಯೆ ಏರಿಸದೆ ವಿಶ್ರಾಂತಿಯನ್ನು 45 ಸೆಕೆಂಡಿಗೆ ಇಳಿಸಿ. ಶನಿವಾರವನ್ನೇ ಆರಿಸಿದ್ದು ಮುಂದೆ ಭಾನುವಾರದ ಬಿಡುವು ಇರುವುದರಿಂದ. ಭಾನುವಾರಕ್ಕೆ ತಳ್ಳಿದರೆ ಸೋಮವಾರದ ಬೆಂಚ್ ಪ್ರೆಸ್ ಬೆಲೆ ತೆರುತ್ತದೆ.

ಅಳತೆಗೋಲು ಸೋಮವಾರವೇ. ಊಟ, ನಿದ್ದೆ ಸರಿಯಿದ್ದೂ ಕಳೆದ ವಾರ ಸಲೀಸಾಗಿ ಎದ್ದ ಭಾರ ಎರಡು ಸೋಮವಾರ ಸತತ ತಡವರಿಸಿದರೆ ಶನಿವಾರದ ಸುತ್ತುಗಳಲ್ಲಿ 4 ಕಡಿಮೆ ಮಾಡಿ. ಕಾಲಿನ ಬಲಕ್ಕೆ ಮಾತ್ರ ಈ ಸುತ್ತುಗಳನ್ನು ನಂಬಬೇಡಿ. ಸುತ್ತು ಎಷ್ಟೇ ಏರಿದರೂ ಭಾರ ಅದೇ ಮೈಭಾರ. ಕಾಲು ಗಟ್ಟಿಯಾಗುವುದು ಪ್ಲೇಟು ಏರಿದಾಗ.

ಹತೋಟಿಯಲ್ಲಿಲ್ಲದ ಬಿ.ಪಿ., ಕಣ್ಣಿನ ಗ್ಲಾಕೋಮಾ, ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು ತಲೆ ಕೆಳಗಾಗುವ ಸ್ಥಿತಿಗಳಿಗೆ ಮೊದಲು ವೈದ್ಯರನ್ನು ಕೇಳಬೇಕು.

ರಥಸಪ್ತಮಿಗೆ 108 ಹಾಕುವ ಮನಸ್ಸಿದ್ದರೆ ಆ ವಾರದ ಕ್ರಮವನ್ನೇ ಬದಲಿಸಿ. ಆರು ವಾರ ಮೊದಲೇ ಶನಿವಾರದ ಸುತ್ತುಗಳನ್ನು 20ರಿಂದ ವಾರಕ್ಕೆ 6 ಅಥವಾ 8ರಂತೆ ಏರಿಸಿ. 60 ಮುಟ್ಟಿದ್ದರೆ 108 ತಡೆದೀತು. ಹಿಂದಿನ ದಿನ ಭಾರ ಬೇಡ. ಆದ ಮೇಲೆ ಎರಡು ದಿನ ಎದೆ, ಭುಜಗಳಿಗೆ ಪೂರ್ತಿ ರಜೆ. ಮೂರನೇ ದಿನ ಬೆಂಚ್ ಪ್ರೆಸ್ ಮಾಡುವುದಾದರೆ ಮಾಮೂಲಿ ಭಾರದ ಮುಕ್ಕಾಲು ಪಾಲಿನಿಂದ ಶುರು ಮಾಡಿ.