ಮಳೆಗಾಲಕ್ಕೆ ಮುಂಚೆ ಕಂಟ್ರಾಕ್ಟರ್‌ಗೆ ಬರೆದ ಪತ್ರ

ತೀರ್ಥಹಳ್ಳಿಯ ನಮ್ಮ ಹೊಸ ಮನೆಯ ಕೀ ಮೇ 20ಕ್ಕೆ ಕೊಡ್ತೀನಿ ಅಂತ ಕಂಟ್ರಾಕ್ಟರ್ ಹೇಳಿದ್ದರು. ನಾನು 23 ತಕರಾರುಗಳನ್ನು ಸುಮ್ನೆ ಸಾಲಾಗಿ ಬರೆದು ಕೊಟ್ಟೆ. ವಾರ ಬಿಟ್ಟು ನೋಡಿದರೆ ಪೇಂಟ್ ಟಚಪ್ ಮಾತ್ರ ಆಗಿತ್ತು! ಸುಲಭದ್ದೇ ಮೊದಲು ಮಾಡ್ತಾರೆ, ಅಲ್ವಾ?

ಪಟ್ಟಿಯನ್ನು ಮತ್ತೆ ಬರೆದೆ. ನೀರು, ಕರೆಂಟಿನ ದೋಷಗಳು ಮೊದಲ ದರ್ಜೆ, ಮೇ 5ರೊಳಗೆ. ಬಾಗಿಲು, ಕಿಟಕಿ, ನಲ್ಲಿ ಎರಡನೆಯದು, 12ರೊಳಗೆ. ಬಣ್ಣ ಕೊನೆಗೆ, 18ಕ್ಕೆ. ಪೇಂಟ್ ಮೊದಲು ಮಾಡಿಸಿದರೆ ಗೋಡೆ ಒಡೆದಾಗ ಮತ್ತೆ ಬಳಿಯಬೇಕು.

‘ತಾರಸಿ ಸೋರುತ್ತದೆ’ ಅಂತ ಬರೆದರೆ ಸಾಲದು. ಹೀಗೆ ಬರೆದೆ: ‘ತಾರಸಿಯ ನೀರು ಹೊರಹೋಗುವ ಪೈಪು ಮುಚ್ಚಿ 2 ಇಂಚು ನೀರು ನಿಲ್ಲಿಸಿದ್ದೆವು. 48 ಗಂಟೆಯೊಳಗೆ ಹಿಂದಿನ ಕೋಣೆಯ ಈಶಾನ್ಯ ಮೂಲೆಯಲ್ಲಿ ತೇವ ಬಂತು. ಪೈಪಿನ ಬಾಯಿಯ ಸುತ್ತ ಸರಿಮಾಡಿ, ಇದೇ ಪರೀಕ್ಷೆ ನಮ್ಮೆದುರು ಮತ್ತೆ ಮಾಡಬೇಕು.’ ಫೋಟೋಗೂ ಪಟ್ಟಿಯಲ್ಲಿದ್ದ ನಂಬರನ್ನೇ ಹಾಕಿದೆ.

ಕೆಲಸ ಸರಿಯಾಗಿ ಮುಗಿದ ಮೇಲೆ ಕೊಡಲು ಕರಾರಿನಂತೆ ಹಿಡಿದಿಟ್ಟಿದ್ದ ಶೇ. 5 ಹಣದ ಮಾತನ್ನು ಕೊನೆಯ ಸಾಲಿನಲ್ಲಿ ಬರೆದು, ಪ್ರತಿಗೆ ಅವರ ಸಹಿ ಪಡೆದೆ. ಎರಡನೇ ಪರೀಕ್ಷೆಯಲ್ಲೂ ಸಣ್ಣಗೆ ತೇವ ಕಂಡಿತು. ಮೂರನೆಯದರಲ್ಲಿ ಮೂಲೆ ಒಣಗಿತ್ತು. ಅಷ್ಟರಲ್ಲಿ ಮೇ 14. ಕೀ ತೆಗೆದುಕೊಂಡದ್ದು 24ಕ್ಕೆ.