ಮೂವತ್ತು ದಿನದ ಲೆಕ್ಕ ಎಲ್ಲಿಂದ: ವಿಮೆಯ ಕಂತನ್ನು ಹಿಂದಕ್ಕೆ ಪಡೆದ ನನ್ನ ಅನುಭವ

ಹೊಸ ಜೀವವಿಮೆ ಪಾಲಿಸಿ ಬೇಡವೆನಿಸಿದರೆ, ಬಾಂಡು ಕೈಗೆ ಬಂದ ದಿನದಿಂದ 30 ದಿನಗಳೊಳಗೆ ಅದನ್ನು ರದ್ದುಪಡಿಸಿ ಕಟ್ಟಿದ ಹಣವನ್ನು ವಾಪಸು ಕೇಳುವ ಹಕ್ಕು ಪಾಲಿಸಿದಾರನಿಗೆ ಇದೆ. ಇದಕ್ಕೆ ಫ್ರೀ ಲುಕ್ ಅವಧಿ ಎನ್ನುತ್ತಾರೆ. ಮೊದಲು ಸಾಮಾನ್ಯವಾಗಿ 15 ದಿನವಿದ್ದ ಈ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐ.ಆರ್.ಡಿ.ಎ.ಐ. 2024ರ ನಿಯಮಾವಳಿಯಲ್ಲಿ 30 ದಿನಕ್ಕೆ ಏರಿಸಿತು. ಇಷ್ಟು ಸಂಗತಿ ಬಾಂಡಿನ ಜೊತೆಗೆ ಬರುವ ಮೊದಲ ಪತ್ರದಲ್ಲೇ ಅಚ್ಚಾಗಿರುತ್ತದೆ. ಆದರೆ ಬಾಂಡು ಕೈಗೆ ಬಂದ ದಿನ ಯಾವುದು ಎಂಬ ಪ್ರಶ್ನೆ ಎದ್ದಾಗ ಅದನ್ನು ಹೇಗೆ ತೋರಿಸಿಕೊಡಬೇಕು ಎಂಬುದು ಅಲ್ಲಿರುವುದಿಲ್ಲ. ನಮ್ಮ ದೊಡ್ಡಪ್ಪನ ಹಣ ನಿಂತದ್ದು ಈ ಒಂದು ಪ್ರಶ್ನೆಯ ಮೇಲೆಯೇ ಆದ್ದರಿಂದ, ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ದೊಡ್ಡಪ್ಪ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಬ್ಬು ಬೆಳೆಯುವವರು. 2025ರ ನವೆಂಬರ್ ಮೊದಲ ವಾರದಲ್ಲಿ ಅವರ ಎಫ್.ಡಿ. ಅವಧಿ ಮುಗಿದು, ಅದನ್ನು ಮುಂದುವರಿಸಲೆಂದು ಮಂಡ್ಯದ ಬ್ಯಾಂಕಿಗೆ ಹೋದಾಗ, ಒಂದು ಲಕ್ಷ ರೂಪಾಯಿಯನ್ನು ವಿಮಾ ಪಾಲಿಸಿಗೆ ಹಾಕಿಸಿಕೊಂಡು ಕಳಿಸಿದ್ದರು. "ಎಫ್.ಡಿ. ಥರಾನೇ, ಬಡ್ಡಿ ಜಾಸ್ತಿ ಬತ್ತದೆ ಅಂದ್ರು ಕಣವ್ವ" ಎಂದರು ಅವರು. ಬಾಂಡು ಮನೆಗೆ ಬಂದ ಮೇಲೆ ಮೈಸೂರಿಗೆ ತಂದು ನನ್ನ ಕೈಗೆ ಕೊಟ್ಟರು. ನಾನು ಲೆಕ್ಕಪತ್ರದ ಕೆಲಸದವಳಾದ್ದರಿಂದ ಮನೆಯ ಇಂಥ ಕಾಗದಗಳೆಲ್ಲ ನನ್ನ ಬಳಿಗೇ ಬರುತ್ತವೆ.

ಬಾಂಡಿನಲ್ಲಿ ಪಾಲಿಸಿಯ ವಿವರಪಟ್ಟಿ ಇರುವ ಪುಟವನ್ನು ಮೊದಲು ಓದಬೇಕು. ಅದರಲ್ಲಿ ವರ್ಷಕ್ಕೆ 1,00,000 ರೂಪಾಯಿಯಂತೆ 10 ವರ್ಷ ಕಂತು ಕಟ್ಟಬೇಕೆಂದೂ, ವಿಮಾ ಮೊತ್ತ 10,00,000 ರೂಪಾಯಿಯೆಂದೂ, ವಿಮೆ ಜಾರಿಗೆ ಬಂದ ದಿನ ನವೆಂಬರ್ 3 ಎಂದೂ ಇತ್ತು. ವಿಮೆ ಇದ್ದದ್ದು ದೊಡ್ಡಪ್ಪನ ಜೀವದ ಮೇಲೂ ಅಲ್ಲ. ಅವರ ಮಗನ ಜೀವದ ಮೇಲೆ. ದೊಡ್ಡಪ್ಪ ಪ್ರಸ್ತಾವಕರು ಮಾತ್ರ. ವಯಸ್ಸಾದವರ ಹಣದಲ್ಲಿ ಪಾಲಿಸಿ ಮಾಡಿಸುವಾಗ ಹೀಗೆ ಮಕ್ಕಳ ಹೆಸರು ಸೇರಿಸುವುದುಂಟು. ರದ್ದತಿ ಅರ್ಜಿಗೆ ಸಹಿ ಹಾಕಬೇಕಾದವರು ಪ್ರಸ್ತಾವಕರು, ಅಂದರೆ ಪಾಲಿಸಿಯ ಮಾಲೀಕರು. ಆದ್ದರಿಂದ ಮಗ ಊರಲ್ಲಿಲ್ಲದಿದ್ದರೂ ನಮಗೆ ತೊಂದರೆಯಾಗಲಿಲ್ಲ.

ದೊಡ್ಡಪ್ಪ ಬ್ಯಾಂಕಿನಲ್ಲಿ ಕೇಳಿದಾಗ, ಪಾಲಿಸಿಯಾಗಿ ತಿಂಗಳು ಕಳೆಯಿತು, ಇನ್ನು ಏನೂ ಮಾಡುವಂತಿಲ್ಲ ಎಂಬ ಉತ್ತರ ಸಿಕ್ಕಿತ್ತು. ಅವರು ಎಣಿಸಿದ್ದು ನವೆಂಬರ್ 3ರಿಂದ. ಆ ದಿನ ವಿಮೆ ಶುರುವಾಯಿತೇ ಹೊರತು ಬಾಂಡು ಬರಲಿಲ್ಲ. ಅದೃಷ್ಟಕ್ಕೆ ದೊಡ್ಡಮ್ಮ ಬಾಂಡು ಬಂದ ಲಕೋಟೆಯನ್ನು ಎಸೆದಿರಲಿಲ್ಲ. ಅದರ ಮೇಲಿನ ಸ್ಪೀಡ್ ಪೋಸ್ಟ್ ಚೀಟಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಯಲ್ಲಿ IN ಎಂದಿರುವ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿದಾಗ, ಲಕೋಟೆ ಬಟವಾಡೆಯಾದದ್ದು ನವೆಂಬರ್ 18ರಂದು ಎಂದು ಬಂತು. ಅಲ್ಲಿಂದ 30 ದಿನವೆಂದರೆ ಡಿಸೆಂಬರ್ 18. ಆ ಪುಟವನ್ನು ಆಗಲೇ ಮುದ್ರಿಸಿಟ್ಟುಕೊಂಡೆ, ಏಕೆಂದರೆ ಹಳೆಯ ಬಟವಾಡೆ ವಿವರ ಆ ಜಾಲತಾಣದಲ್ಲಿ ಬಹುಕಾಲ ಉಳಿಯುವುದಿಲ್ಲ.

ಅರ್ಜಿ ಬರೆಯುವಾಗ ದೊಡ್ಡಪ್ಪನಿಗೆ, ತಮಗೆ ಸುಳ್ಳು ಹೇಳಿ ಪಾಲಿಸಿ ಮಾರಿದ ಕಥೆಯನ್ನೆಲ್ಲ ಅದರಲ್ಲಿ ಬರೆಸಬೇಕೆಂಬ ಆಸೆಯಿತ್ತು. ನಾನು ಒಪ್ಪಲಿಲ್ಲ. ಈ ಅವಧಿಯೊಳಗೆ ರದ್ದುಪಡಿಸಲು ಯಾರ ತಪ್ಪನ್ನೂ ಸಾಬೀತುಪಡಿಸಬೇಕಾಗಿಲ್ಲ. ಕಾರಣ ಬರೆಯಬೇಕು ಎಂದು ನಿಯಮ ಹೇಳುತ್ತದೆ, ಆದರೆ ಆ ಕಾರಣ ಏನೇ ಇದ್ದರೂ ಮರುಪಾವತಿ ಸಿಗಬೇಕೆಂದೂ ಹೇಳುತ್ತದೆ. ಮೋಸದ ಆರೋಪ ಬರೆದರೆ ಅದು ದೂರು ಆಗುತ್ತದೆ. ದೂರಿಗೆ ವಿಚಾರಣೆ, ಬ್ಯಾಂಕಿನ ವಿವರಣೆ, ಪಾಲಿಸಿ ಕೊಡುವ ಮೊದಲು ಫೋನಿನಲ್ಲಿ ಪಡೆದ "ಹೌದು, ಹೌದು" ಎಂಬ ಒಪ್ಪಿಗೆಯ ಧ್ವನಿಮುದ್ರಣ ಎಲ್ಲವೂ ಅಡ್ಡಬರುತ್ತವೆ, ಗಡುವು ಮಾತ್ರ ಕಾಯುವುದಿಲ್ಲ. ಆದ್ದರಿಂದ ಮೊದಲು ಹಣ ಬರಲಿ, ಬ್ಯಾಂಕಿನ ಮೇಲಿನ ದೂರನ್ನು ಬೇರೆಯಾಗಿ ಕೊಡೋಣ ಎಂದು ಅವರನ್ನು ಒಪ್ಪಿಸಿ, ಅರ್ಜಿಯ ಮುಖ್ಯ ಭಾಗವನ್ನು ಹೀಗೆ ಬರೆದೆ:

"ಮೇಲ್ಕಂಡ ಪಾಲಿಸಿಯ ಬಾಂಡು ದಿನಾಂಕ 18-11-2025ರಂದು ನನಗೆ ತಲುಪಿರುತ್ತದೆ. ಹತ್ತು ವರ್ಷ ಕಂತು ಕಟ್ಟಬೇಕೆಂಬ ಷರತ್ತು ನನಗೆ ಒಪ್ಪಿಗೆಯಿಲ್ಲ. ಆದ್ದರಿಂದ ಫ್ರೀ ಲುಕ್ ಅವಧಿಯೊಳಗೆ ಈ ಪಾಲಿಸಿಯನ್ನು ರದ್ದುಪಡಿಸಿ, ನಾನು ಕಟ್ಟಿರುವ ರೂ. 1,00,000ವನ್ನು ನಿಯಮದಂತೆ ಕಳೆಯಬೇಕಾದುದನ್ನು ಮಾತ್ರ ಕಳೆದು ಕೆಳಗಿನ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ. ಈ ಪಾಲಿಸಿಯಲ್ಲಿ ನಾನು ಯಾವ ಕ್ಲೇಮನ್ನೂ ಮಾಡಿರುವುದಿಲ್ಲ."

ಇದರ ಜೊತೆಗೆ ಮೂಲ ಬಾಂಡು, ಹೆಸರು ಅಚ್ಚಾಗಿರುವ ರದ್ದಾದ ಚೆಕ್ಕಿನ ಹಾಳೆ, ಪ್ಯಾನ್ ಮತ್ತು ಆಧಾರ್ ಪ್ರತಿ, ಅಂಚೆ ಬಟವಾಡೆಯ ಮುದ್ರಿತ ಪುಟ ಇವನ್ನು ಲಗತ್ತಿಸಿದೆವು. ಬಾಂಡನ್ನು ಕೊಡುವ ಮೊದಲು ಅದರ ಪ್ರತಿ ಪುಟವನ್ನೂ, ಕೊನೆಯಲ್ಲಿ ಹೊಲಿದಿರುವ ಪ್ರಸ್ತಾವನೆ ಅರ್ಜಿಯ ನಕಲನ್ನೂ ಸೇರಿಸಿ ಜೆರಾಕ್ಸ್ ಮಾಡಿಸಿಕೊಂಡೆ. ಈ ಜೆರಾಕ್ಸಿನ ಬೆಲೆ ಮುಂದೆ ಗೊತ್ತಾಯಿತು.

ಅರ್ಜಿಯನ್ನು ಬ್ಯಾಂಕಿಗೆ ಕೊಡಲಿಲ್ಲ. ಬ್ಯಾಂಕು ಇಲ್ಲಿ ಮಾರಾಟದ ಏಜೆಂಟು ಅಷ್ಟೇ, ಪಾಲಿಸಿ ಕೊಟ್ಟಿದ್ದು ವಿಮಾ ಕಂಪನಿ. ಬ್ಯಾಂಕಿನ ಮೇಜಿನ ಮೇಲೆ ಕಾಗದ ಉಳಿದುಬಿಟ್ಟರೆ ಅದು ಕಂಪನಿಗೆ ಯಾವಾಗ ತಲುಪಿತು ಎಂದು ಮತ್ತೆ ವಾದ ಮಾಡಬೇಕಾಗುತ್ತದೆ. ಡಿಸೆಂಬರ್ 8ರಂದು ದೊಡ್ಡಪ್ಪನನ್ನು ಕರೆದುಕೊಂಡು ಕಂಪನಿಯ ಮೈಸೂರು ಶಾಖೆಗೇ ಹೋದೆ. ಕೌಂಟರಿನಲ್ಲಿ ಅರ್ಜಿ ಇಸಿದುಕೊಂಡು, ಮೆಸೇಜು ಬರುತ್ತದೆ ಎಂದಷ್ಟೇ ಹೇಳಿದರು. ನಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಮತ್ತು ಅರ್ಜಿಯ ನೋಂದಣಿ ಸಂಖ್ಯೆ ಬರೆದುಕೊಡುವವರೆಗೆ ನಾವು ಅಲ್ಲಿಂದ ಏಳಲಿಲ್ಲ. ಅದೇ ಸಂಜೆ ಸೀಲು ಬಿದ್ದ ಪ್ರತಿಯ ಫೋಟೋವನ್ನು ಕಂಪನಿಯ ಗ್ರಾಹಕ ಸೇವೆಯ ಇ-ಮೇಲ್‌ಗೂ ಕಳಿಸಿದೆ.

ಮರುದಿನವೇ ದೊಡ್ಡಪ್ಪನಿಗೆ ಕಂಪನಿಯಿಂದ ಫೋನು ಬಂತು. ಕಂತನ್ನು ಕಡಿಮೆ ಮಾಡಿಕೊಡುತ್ತೇವೆ, ಒಂದು ವರ್ಷ ಇಟ್ಟು ನೋಡಿ ಎಂದು ಬಹಳ ನಯವಾಗಿ ಕೇಳಿದರಂತೆ. ಈ ಕರೆಗಳು ಧ್ವನಿಮುದ್ರಣವಾಗುತ್ತವೆ ಮತ್ತು ಸೌಜನ್ಯಕ್ಕೆ "ಆಯ್ತು ನೋಡೋಣ" ಎಂದದ್ದನ್ನೂ ಅರ್ಜಿ ಹಿಂತೆಗೆದುಕೊಂಡಂತೆ ಬರೆದುಕೊಳ್ಳುವ ಅಪಾಯವಿದೆ. ನಮ್ಮ ಕಡೆಯ ಹಿರಿಯರಿಗೆ ಎದುರಿನವರಿಗೆ ಬೇಡವೆಂದು ಮುಖಕ್ಕೆ ಹೇಳುವುದು ಕಷ್ಟ. ಅದಕ್ಕಾಗಿ ಮೊದಲೇ ಹೇಳಿಕೊಟ್ಟಿದ್ದೆ: ಏನೇ ಕೇಳಿದರೂ "ನಾನು ಕೊಟ್ಟ ಅರ್ಜಿ ಹಾಗೇ ಇರಲಿ, ರದ್ದು ಮಾಡಿ" ಎಂಬ ಒಂದೇ ಮಾತು. ಅವರು ಹಾಗೆಯೇ ಹೇಳಿ ಫೋನು ಇಟ್ಟರು.

ನಿಜವಾದ ತೊಡಕು ಎದುರಾದದ್ದು ಡಿಸೆಂಬರ್ 11ರಂದು. ಪಾಲಿಸಿಯನ್ನು ನವೆಂಬರ್ 5ರಂದೇ ಇ-ಮೇಲ್ ಮೂಲಕ ಕಳಿಸಲಾಗಿದೆ, ಹಾಗಾಗಿ 30 ದಿನ ಡಿಸೆಂಬರ್ 5ಕ್ಕೆ ಮುಗಿದಿದೆ, ನಿಮ್ಮ ಕೋರಿಕೆಯನ್ನು ಪುರಸ್ಕರಿಸಲಾಗದು ಎಂದು ಕಂಪನಿ ಉತ್ತರಿಸಿತು. ವಾದ ಪೂರ್ತಿ ಆಧಾರವಿಲ್ಲದ್ದಲ್ಲ. ಪಾಲಿಸಿ ಇ-ಮೇಲ್‌ನಲ್ಲಿ ತಲುಪಿದರೂ ಅದು ತಲುಪಿದಂತೆಯೇ, ಅವಧಿ ಆಗಲೇ ಶುರುವಾಗುತ್ತದೆ. ಇ-ಮೇಲ್ ಇರುವವರು ಇದನ್ನು ನೆನಪಿಡಬೇಕು. ಆದರೆ ನಮ್ಮ ದೊಡ್ಡಪ್ಪನಿಗೆ ಇ-ಮೇಲ್ ಎಂಬುದೇ ಇಲ್ಲ. ಜೆರಾಕ್ಸ್ ತೆಗೆದಿಟ್ಟಿದ್ದ ಪ್ರಸ್ತಾವನೆ ಅರ್ಜಿಯ ಪುಟವನ್ನು ನೋಡಿದೆ. ಮೊಬೈಲ್ ಸಂಖ್ಯೆ ಅವರದ್ದೇ ಇತ್ತು. ಇ-ಮೇಲ್ ಎಂಬಲ್ಲಿ ಮಾತ್ರ ನಮ್ಮ ಮನೆಯ ಯಾರಿಗೂ ಸೇರದ, ನಾವು ಕಂಡು ಕೇಳದ ಒಂದು ವಿಳಾಸವನ್ನು ತುಂಬಿದ್ದರು. ಅರ್ಜಿ ತುಂಬಿದವರು ಖಾಲಿ ಬಿಡಬಾರದೆಂದು ಏನೋ ಒಂದನ್ನು ಹಾಕಿದ್ದರೋ, ಬಾಂಡು ಬೇಗ ಕಣ್ಣಿಗೆ ಬೀಳಬಾರದೆಂದು ಹಾಕಿದ್ದರೋ, ನಾನು ಹೇಳಲಾರೆ. ಇಷ್ಟು ಮಾತ್ರ ಸ್ಪಷ್ಟ: ಬೇರೆ ಯಾರದೋ ವಿಳಾಸಕ್ಕೆ ಹೋದ ಪಾಲಿಸಿ ಪಾಲಿಸಿದಾರನಿಗೆ ತಲುಪಿದಂತಾಗುವುದಿಲ್ಲ.

ಪ್ರತಿ ವಿಮಾ ಕಂಪನಿಯಲ್ಲೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರುತ್ತಾರೆ, ಅವರ ವಿಳಾಸ ಬಾಂಡಿನ ಕೊನೆಯ ಪುಟಗಳಲ್ಲಿರುತ್ತದೆ. ಡಿಸೆಂಬರ್ 12ರಂದು ಅವರಿಗೆ ಒಂದು ಪುಟದ ಪತ್ರ ಬರೆದು, ಅದರಲ್ಲಿ ಎರಡೇ ವಿಷಯ ಇಟ್ಟೆವು. ಆ ಇ-ಮೇಲ್ ವಿಳಾಸ ನನ್ನದಲ್ಲ, ನನ್ನದೆಂದು ಕಂಪನಿ ಹೇಳುವುದಾದರೆ ಅದನ್ನು ತೋರಿಸಲಿ. ನನಗೆ ಬಾಂಡು ತಲುಪಿದ್ದು ಸ್ಪೀಡ್ ಪೋಸ್ಟಿನಲ್ಲಿ, ನವೆಂಬರ್ 18ರಂದು, ಅದಕ್ಕೆ ಅಂಚೆಯ ದಾಖಲೆ ಇಲ್ಲಿದೆ. ಕೋರಿಕೆ ತಲುಪಿದ 7 ದಿನಗಳೊಳಗೆ ಹಣ ಕೊಡಬೇಕೆಂಬ ನಿಯಮವನ್ನೂ, ತಡವಾದರೆ ಬ್ಯಾಂಕ್ ದರಕ್ಕಿಂತ ಶೇ. 2 ಹೆಚ್ಚಿನ ಬಡ್ಡಿ ಸೇರಿಸಬೇಕೆಂಬುದನ್ನೂ ಕೊನೆಯಲ್ಲಿ ನೆನಪಿಸಿದೆವು. ಇದೇ ಪತ್ರವನ್ನು ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿಯೂ ದಾಖಲಿಸಿದೆ. ಕಂಪನಿ ಉತ್ತರ ಕೊಡಲು ಎರಡು ವಾರ ಸಮಯವಿರುತ್ತದೆ. ಅಲ್ಲಿಯೂ ನಿರಾಕರಿಸಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುವವರಿದ್ದೆವು. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಡಿಸೆಂಬರ್ 24ರಂದು ದೊಡ್ಡಪ್ಪನ ಖಾತೆಗೆ 99,682 ರೂಪಾಯಿ ಬಂತು, ತಡವಾದ ದಿನಗಳ ಅಲ್ಪ ಬಡ್ಡಿ ಬೇರೆಯಾಗಿ ಜಮೆಯಾಯಿತು. ಕಳೆದ 318 ರೂಪಾಯಿಯ ಲೆಕ್ಕವನ್ನು ಕೇಳಿ ತರಿಸಿಕೊಂಡೆ. ನಿಯಮದಂತೆ ಮೂರನ್ನು ಮಾತ್ರ ಕಳೆಯಬಹುದು: ಮುದ್ರಾಂಕ ಶುಲ್ಕ, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ವೆಚ್ಚ, ವಿಮೆ ಜಾರಿಯಲ್ಲಿದ್ದ ದಿನಗಳ ರಿಸ್ಕ್ ಪ್ರೀಮಿಯಂ. ಮುದ್ರಾಂಕ ಶುಲ್ಕ ವಿಮಾ ಮೊತ್ತದ ಸಾವಿರಕ್ಕೆ 20 ಪೈಸೆ, ಹತ್ತು ಲಕ್ಷಕ್ಕೆ 200 ರೂಪಾಯಿ. ಮಗನ ವಯಸ್ಸಿಗೆ ವರ್ಷದ ರಿಸ್ಕ್ ಪ್ರೀಮಿಯಂ 1,200 ರೂಪಾಯಿ ಎಂದು ಹಿಡಿದಿದ್ದರು. ನವೆಂಬರ್ 3ರಿಂದ ಡಿಸೆಂಬರ್ 8ರವರೆಗೆ 36 ದಿನಕ್ಕೆ 118 ರೂಪಾಯಿ. ವೈದ್ಯಕೀಯ ಪರೀಕ್ಷೆ ಆಗಿರಲಿಲ್ಲ. ಏಜೆಂಟನ ಕಮಿಷನ್ನು, ಆಡಳಿತ ವೆಚ್ಚ ಎಂಬ ಹೆಸರಿನಲ್ಲಿ ಏನಾದರೂ ಕಳೆದಿದ್ದರೆ ಅದನ್ನು ಪ್ರಶ್ನಿಸಲು ಈ ಲೆಕ್ಕದ ಹಾಳೆ ಬೇಕೇ ಬೇಕು. ಷೇರುಪೇಟೆಗೆ ಸೇರಿದ ಯುಲಿಪ್ ಪಾಲಿಸಿಯಾಗಿದ್ದರೆ ಯೂನಿಟ್ಟುಗಳ ಆ ದಿನದ ಬೆಲೆಯೂ ಲೆಕ್ಕಕ್ಕೆ ಬರುವುದರಿಂದ ಮೊತ್ತ ಏರುಪೇರಾಗುತ್ತದೆ.

ಹಣ ಬಂದ ಮೇಲೂ ಒಂದು ಕೆಲಸ ಉಳಿದಿತ್ತು. ಪಾಲಿಸಿ ಮಾಡಿಸುವಾಗಲೇ ಮುಂದಿನ ಕಂತುಗಳು ಖಾತೆಯಿಂದ ತಾನಾಗಿ ಕಡಿತವಾಗುವಂತೆ ಎನ್‌.ಎ.ಸಿ.ಎಚ್. ಆದೇಶಕ್ಕೂ ದೊಡ್ಡಪ್ಪನ ಸಹಿ ಹಾಕಿಸಿದ್ದರು. ಪಾಲಿಸಿ ರದ್ದಾದರೂ ಆ ಆದೇಶವನ್ನು ಬ್ಯಾಂಕು ತಾನೇ ತೆಗೆಯುತ್ತದೆಂದು ನಂಬಿ ಕೂರುವಂತಿಲ್ಲ. ಮಂಡ್ಯದ ಶಾಖೆಗೆ ಹೋಗಿ ಅದನ್ನು ರದ್ದುಪಡಿಸಲು ಲಿಖಿತ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡೆವು. ಸುಳ್ಳು ಹೇಳಿ ಪಾಲಿಸಿ ಮಾರಿದ ಬಗ್ಗೆ ಮತ್ತು ಅರ್ಜಿಯಲ್ಲಿ ಪರರ ಇ-ಮೇಲ್ ತುಂಬಿದ ಬಗ್ಗೆ ದೊಡ್ಡಪ್ಪ ಬರೆಸಬೇಕೆಂದಿದ್ದ ದೂರನ್ನೂ ಅದೇ ದಿನ, ಅದೇ ಕೌಂಟರಿನಲ್ಲಿ, ಅವರ ಸಹಿಯೊಂದಿಗೆ ಕೊಟ್ಟೆವು.